ಟನ್ನಿಗೆ ಒಂದೇ ಡಾಲರ್: ಈಮೇಲ್‌ನಲ್ಲಿ ನಂಬರ್ ಬರೆಯೋದು ಹೆಂಗೆ

ಚಳ್ಳಕೆರೆಯಲ್ಲಿ ನಮ್ಮ ಮಾವಂದು ಒಂದು ಶೇಂಗಾ ಸುಲಿಯೋ ಮಿಲ್ ಇದೆ, ಅಲ್ಲಿ ಈಮೇಲ್ ನೋಡ್ಕೊಳೋದು ನಾನು. 2025ರ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಒಬ್ಬ ಮೇಡಂ ಮೂರು ಕಂಟೇನರ್ ಬೀಜ ಕೇಳಿದ್ರು. ನಾನು ಪ್ರೊಫಾರ್ಮಾ, ಅಂದ್ರೆ ಮಾಲು ರೇಟು ಟೋಟಲ್ ಎಲ್ಲ ಬರೆದು ಮುಂಚೇನೇ ಕೊಡೋ ಬಿಲ್ಲು, ಕಳಿಸಿದೆ, ಅವ್ರು ಒಪ್ಪಿದ್ರು, ಅವ್ರ ಬ್ಯಾಂಕ್‌ನೋರು ಎಲ್‌ಸಿ, ಅಂದ್ರೆ ಪೇಪರ್ ಸರಿಯಾಗಿದ್ರೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕ್ ಬರೆದುಕೊಡೋ ಪತ್ರ, ಅದನ್ನ ಡ್ರಾಫ್ಟ್ ಮಾಡಿ ಒಂದ್ಸಲ ಚೆಕ್ ಮಾಡ್ಕೊಳಿ ಅಂತ ಕಳಿಸಿದ್ರು. ಮಾವ ಕನ್ನಡಕ ಏರಿಸ್ಕೊಂಡು ಪ್ರಿಂಟ್ ನೋಡಿದೋರು ಸುಮಾರು ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಏನ್ಲಾ ಇದು, ಟನ್ನಿಗೆ ಒಂದು ಡಾಲರ್‌ಗೆ ಮಾರಿದೀಯಲ್ಲ, ಅದೂ ಐವತ್ತಾರು ಸಾವಿರ ಟನ್ನು!" ಅಂದ್ರು.

ಡ್ರಾಫ್ಟ್‌ನಲ್ಲಿ ಇದ್ದದ್ದು ನಿಜವಾಗ್ಲೂ ಅದೇ. ನಾನು ಬರೆದಿದ್ದು, ಅವ್ರ ಕಡೆಯಿಂದ ವಾಪಸ್ ಬಂದಿದ್ದು ಎರಡೂ ಹಿಂಗಿತ್ತು:

```
ನಾನು:   56.250 MT  x  USD 1,000  =  USD 56,250
ಡ್ರಾಫ್ಟ್:  56,250 MT  x  USD 1.00   =  USD 56,250.00
```

ಮಜಾ ಅಂದ್ರೆ ಟೋಟಲ್ ಎರಡರಲ್ಲೂ ಒಂದೇ. ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ. ಕ್ವಾಂಟಿಟಿ ಸಾವಿರ ಪಟ್ಟು ಹೆಚ್ಚಾಯ್ತು, ರೇಟು ಸಾವಿರ ಪಟ್ಟು ಕಮ್ಮಿ ಆಯ್ತು, ಗುಣಿಸಿದ್ರೆ ಸರಿಯಾಗಿ ಅದೇ ಐವತ್ತಾರು ಸಾವಿರದ ಇನ್ನೂರೈವತ್ತು ಬಂತು, ಮೇಡಂ ಟೋಟಲ್ ನೋಡಿದ್ರು, ಫೋನಲ್ಲಿ ಮಾತಾಡಿದ್ದ ಮೊತ್ತಕ್ಕೆ ತಾಳೆ ಆಯ್ತು, ಓಕೆ ಅಂದ್ರು. ಐವತ್ತಾರು ಸಾವಿರ ಟನ್ ಅಂದ್ರೆ ಮೂರು ಸಾವಿರ ಕಂಟೇನರ್, ಚಳ್ಳಕೆರೆ ಪೂರ್ತಿ ಸುಲಿದ್ರೂ ಆಗದ ಮಾತು, ಆದ್ರೆ ಬ್ಯಾಂಕ್‌ನಲ್ಲಿ ಟೈಪ್ ಮಾಡೋ ಹುಡುಗನಿಗೆ ಅದೆಲ್ಲ ಹೆಂಗೆ ಗೊತ್ತಾಗ್ಬೇಕು.

ತಪ್ಪು ಯಾರ್ದು ಅಂತ ನೋಡಿದ್ರೆ ಯಾರ್ದೂ ಅಲ್ಲ, ಅಥವಾ ನಂದೇ. ನಮ್ಮಲ್ಲಿ ಚುಕ್ಕೆ ಅಂದ್ರೆ ದಶಾಂಶ, ಕಾಮಾ ಅಂದ್ರೆ ಸಾವಿರ ಲಕ್ಷ ಬೇರೆ ಮಾಡೋಕೆ. ಇಂಡೋನೇಷ್ಯಾದಲ್ಲಿ ಇದು ಪೂರ್ತಿ ಉಲ್ಟಾ: ಚುಕ್ಕೆ ಹಾಕಿ ಸಾವಿರ ಬೇರೆ ಮಾಡ್ತಾರೆ, ಕಾಮಾ ಹಾಕಿ ದಶಾಂಶ ಬರೀತಾರೆ. ವಿಯೆಟ್ನಾಂನಲ್ಲೂ ಹಂಗೇ, ಜರ್ಮನಿಯಲ್ಲೂ ಹಂಗೇ. ಫ್ರಾನ್ಸ್‌ನೋರು ಸಾವಿರಕ್ಕೆ ಚುಕ್ಕೆ ಬದ್ಲು ಜಾಗ ಬಿಡ್ತಾರೆ, ದಶಾಂಶಕ್ಕೆ ಮಾತ್ರ ಕಾಮಾ. ಹಂಗಾಗಿ ನನ್ನ `56.250` ಅವ್ರ ಕಣ್ಣಿಗೆ ಐವತ್ತಾರು ಸಾವಿರದ ಇನ್ನೂರೈವತ್ತು, ನನ್ನ `1,000` ಅವ್ರಿಗೆ ಒಂದು ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ. ಅದನ್ನ ಅವ್ರು ತಮ್ಮ ಎಕ್ಸೆಲ್‌ಗೆ ಹಾಕಿದ್ರೆ ಎಕ್ಸೆಲ್ ಕೂಡ ಹಂಗೇ ಓದುತ್ತೆ, ಯಾಕಂದ್ರೆ ಅವ್ರ ಕಂಪ್ಯೂಟರ್ ಸೆಟ್ಟಿಂಗ್ ಅವ್ರ ದೇಶದ್ದು. ಅಲ್ಲಿಂದ ಬ್ಯಾಂಕ್‌ನೋರು ಅದನ್ನ ಇಂಗ್ಲಿಷ್ ಪದ್ಧತಿಗೆ ತಿರುಗಿಸಿ ಬರೆದ್ರು, ಅಲ್ಲಿಗೆ ತಪ್ಪು ಪಕ್ಕಾ ಆಗಿ ಕೂತ್ಕೊಂತು.

ಇಲ್ಲಿ ಒಂದು ಸೂಕ್ಷ್ಮ ಇದೆ, ನಂಗೂ ಅವತ್ತೇ ಹೊಳೆದಿದ್ದು. ಚುಕ್ಕೆ ಅಥವಾ ಕಾಮಾ ಆದ್ಮೇಲೆ ಸರಿಯಾಗಿ ಮೂರೇ ಅಂಕಿ ಇದ್ರೆ ಮಾತ್ರ ಈ ಗೊಂದಲ. ಸಾವಿರದ ಗುಂಪಲ್ಲಿ ಯಾವಾಗ್ಲೂ ಮೂರು ಅಂಕಿ ಇರುತ್ತೆ, ಅದಕ್ಕೇ `56.250` ಎರಡು ಥರ ಓದ್ಬಹುದು. ಅದೇ `56.25` ಅಂತ ಬರೆದಿದ್ರೆ? ಎರಡು ಅಂಕಿಯ ಗುಂಪು ಅವ್ರ ಪದ್ಧತಿಯಲ್ಲಿ ಇಲ್ವೇ ಇಲ್ಲ, ಇದು ದಶಾಂಶನೇ ಅಂತ ತಕ್ಷಣ ಗೊತ್ತಾಗುತ್ತೆ. ನಾನು ಮೂರನೇ ಅಂಕಿ ಯಾಕೆ ಹಾಕಿದೆ ಅಂದ್ರೆ ವೇಬ್ರಿಜ್ ಚೀಟಿ ನೋಡಿ. ವೇಬ್ರಿಜ್‌ನಲ್ಲಿ ತೂಕ ಕೆಜಿಯಲ್ಲಿ ಬರುತ್ತೆ, ಕಂಟೇನರ್‌ಗೆ 18750 ಕೆಜಿ, ಅದನ್ನ ಟನ್ ಮಾಡುವಾಗ ಕೆಜಿವರೆಗೂ ಲೆಕ್ಕ ಇರ್ಲಿ ಅಂತ 18.750 ಅಂತ ಬರೆಯೋದು ನಮ್ಮ ಲೈನ್‌ನಲ್ಲಿ ಎಲ್ಲರ ಅಭ್ಯಾಸ. ಕೊನೇ ಸೊನ್ನೆ ತೆಗೆದ್ರೆ ಏನೂ ಹೋಗಲ್ಲ, ಮೂರು ಕಂಟೇನರ್ ಸೇರಿ 56.25. ಸೊನ್ನೆ ಅಲ್ದೆ ಬೇರೆ ಅಂಕಿ ಇದ್ರೆ, ಉದಾಹರಣೆಗೆ 18.763 ಇದ್ರೆ, ಟನ್ ಬಿಟ್ಟು ಕೆಜಿಗೆ ಬನ್ನಿ, ಕಾಮಾ ಚುಕ್ಕೆ ಏನೂ ಹಾಕ್ದೆ `18763 kg` ಅಂತ ಬರೀರಿ, ಇಲ್ಲಾ ಮಧ್ಯ ಜಾಗ ಬಿಟ್ಟು `18 763 kg` ಅಂತ ಬರೀರಿ. ಇದು ನಾನು ಹುಟ್ಟಿಸಿದ ನಿಯಮ ಅಲ್ಲ. ತೂಕ ಅಳತೆಗೆ ಇಡೀ ಜಗತ್ತಿಗೆ ಮಾನದಂಡ ಮಾಡೋ ಮಹಾಸಭೆ ಇದೆಯಲ್ಲ, ಅದು 2003ರಲ್ಲಿ ಚುಕ್ಕೆನೂ ದಶಾಂಶಕ್ಕೆ ನಡೆಯುತ್ತೆ ಕಾಮಾನೂ ನಡೆಯುತ್ತೆ, ಆದ್ರೆ ಅಂಕಿ ಗುಂಪು ಮಾಡೋಕೆ ಎರಡನ್ನೂ ಬಳಸ್ಬೇಡಿ, ಜಾಗ ಬಿಡಿ ಅಂತ ಹೇಳಿದೆ.

ದುಡ್ಡಿಗೆ ಇದರ ಉಲ್ಟಾ ಉಪಾಯ. ದುಡ್ಡಲ್ಲಿ ಕಾಮಾ ಬಿಡೋಕಾಗಲ್ಲ, ದೊಡ್ಡ ಮೊತ್ತ ಓದೋಕೆ ಕಷ್ಟ. ಅದಕ್ಕೆ ಪೈಸೆ ಜಾಗ ಖಾಲಿ ಬಿಡದೆ ಕೊನೆಗೆ ಎರಡು ಸೊನ್ನೆ ಹಾಕಿ: `USD 1,000.00`. ಈಗ ಒಂದೇ ಸಂಖ್ಯೆಯಲ್ಲಿ ಕಾಮಾನೂ ಇದೆ ಚುಕ್ಕೆನೂ ಇದೆ, ಕೊನೆಗೆ ಬಂದಿದ್ದೇ ದಶಾಂಶ ಅನ್ನೋದು ಯಾವ ದೇಶದೋರಿಗಾದ್ರೂ ಗೊತ್ತಾಗುತ್ತೆ. ಬರೀ `1,000` ಅಂದ್ರೆ ಮಾತ್ರ ತೊಂದ್ರೆ. ಆ ಎರಡು ಸೊನ್ನೆ ಹಾಕೋಕೆ ಸೋಮಾರಿತನ ಮಾಡಿದ್ದಕ್ಕೆ ನಾನು ಒಂದು ವಾರ ಈಮೇಲ್ ಮೇಲೆ ಈಮೇಲ್ ಬರೆದೆ. ಪುಣ್ಯಕ್ಕೆ ಅದು ಇನ್ನೂ ಡ್ರಾಫ್ಟು. ಎಲ್‌ಸಿ ಓಪನ್ ಆದ್ಮೇಲೆ ಗೊತ್ತಾಗಿದ್ರೆ ತಿದ್ದುಪಡಿಗೆ ಬ್ಯಾಂಕ್ ಚಾರ್ಜು ಬೇರೆ, ಇನ್ನು ತಿದ್ದದೆ ಹಂಗೇ ಲೋಡ್ ಕಳಿಸಿದ್ರಂತೂ ನಮ್ಮ ಇನ್‌ವಾಯ್ಸ್‌ನಲ್ಲಿ 56 ಟನ್, ಎಲ್‌ಸಿಯಲ್ಲಿ 56 ಸಾವಿರ ಟನ್, ಪೇಪರ್ ತಾಳೆ ಇಲ್ಲ ಅಂತ ದುಡ್ಡು ನಿಲ್ಲಿಸ್ತಿದ್ರು. ಎಲ್‌ಸಿಯಲ್ಲಿ ಬ್ಯಾಂಕ್ ನೋಡೋದು ಪೇಪರ್ ಮಾತ್ರ, ಶೇಂಗಾ ಅಲ್ಲ.

ಇನ್ನು ಲಕ್ಷ ಕೋಟಿ ವಿಷಯ. ಇದೇ ಆರ್ಡರ್‌ಗೆ ಮೊದಲನೇ ಈಮೇಲ್‌ನಲ್ಲಿ ನಾನು ರೂಪಾಯಿಯಲ್ಲಿ ರೇಟ್ ಕೊಟ್ಟಿದ್ದೆ, ಟನ್ನಿಗೆ 85 ಸಾವಿರ. (ಲೆಕ್ಕ ಸುಲಭ ಆಗ್ಲಿ ಅಂತ ಡಾಲರ್‌ಗೆ 85 ರೂಪಾಯಿ ಅಂತ ಇಟ್ಕೊಳಿ.) 56.25 ಟನ್ನಿಗೆ 47,81,250 ಆಯ್ತು, ನಾನು ಸ್ಟೈಲಾಗಿ `Rs. 47.81 L` ಅಂತ ಹಾಕಿದೆ. ಮೇಡಂ ವಾಪಸ್ ಕೇಳಿದ್ರು, ಎಲ್ ಅಂದ್ರೆ ಏನು, ಲೀಟರಾ? ಶೇಂಗಾ ಎಣ್ಣೆನೂ ಕೊಡ್ತಿದಾರೇನೋ ಅಂದ್ಕೊಂಡಿರ್ಬೇಕು. ಸರಿ ಅಂತ ಪೂರ್ತಿ `47,81,250` ಬರೆದೆ. ಅದಕ್ಕೆ ಅವ್ರು, ಇದ್ರಲ್ಲಿ ಒಂದು ಅಂಕಿ ಬಿಟ್ಟೋಗಿದೆ ಅನ್ಸುತ್ತೆ, ಸರಿ ಮಾಡಿ ಕಳಿಸಿ ಅಂದ್ರು.

ಅವ್ರು ಹಂಗೆ ಅಂದಿದ್ದು ನ್ಯಾಯವೇ. ನಾವು ಬಲಗಡೆಯಿಂದ ಮೊದಲು ಮೂರು ಅಂಕಿ ಬಿಟ್ಟು ಕಾಮಾ, ಆಮೇಲೆ ಎರಡೆರಡಕ್ಕೆ ಕಾಮಾ ಹಾಕ್ತೀವಿ, ಸಾವಿರ ಲಕ್ಷ ಕೋಟಿ ಅಂತ ಬಾಯಲ್ಲಿ ಹೇಳೋ ಹಂಗೇ ಬರೀತೀವಿ. ಹೊರಗಿನೋರು ಪ್ರತಿ ಮೂರಕ್ಕೆ ಹಾಕ್ತಾರೆ. ಅವ್ರ ಕಣ್ಣಿಗೆ ಮಧ್ಯದ `81` ಕುಂಟು ಗುಂಪು, ಅಲ್ಲೊಂದು ಅಂಕಿ ಇರ್ಬೇಕಿತ್ತು ಟೈಪ್ ಮಾಡುವಾಗ ಬಿಟ್ಟಿದಾರೆ ಅನ್ಸುತ್ತೆ, ಅಂದ್ರೆ ಮೊತ್ತ ನಾಲ್ಕು ಕೋಟಿ ಎಪ್ಪತ್ತೆಂಟು ಲಕ್ಷ ಇರ್ಬಹುದೇನೋ ಅಂತ ಅನುಮಾನ ಬರುತ್ತೆ. ಹತ್ತು ಪಟ್ಟು ವ್ಯತ್ಯಾಸ.

ಬದಲಾಯಿಸೋದು ಸುಲಭ, ಆದ್ರೆ ಒಂದೇ ಕ್ರಮದಲ್ಲಿ ಮಾಡ್ಬೇಕು. ಮೊದಲು ಇರೋ ಕಾಮಾ ಎಲ್ಲ ಅಳಿಸ್ಬೇಕು, `4781250` ಉಳಿಯುತ್ತೆ, ಆಮೇಲೆ ಬಲಗಡೆಯಿಂದ ಮೂರು ಮೂರಕ್ಕೆ ಹಾಕ್ಕೊಂಡು ಬರ್ಬೇಕು, `4,781,250` ಆಗುತ್ತೆ. ಅಳಿಸದೆ ಇದ್ದ ಕಾಮಾ ಸರಿಸೋಕೆ ಹೋದ್ರೆ ಕೈ ತಪ್ಪುತ್ತೆ, ಮೊದಲನೇ ಕಾಮಾ ಹಿಂದೆ 47 ಇದೆಯಲ್ಲ, ಅದನ್ನೇ ನೋಡಿ 47 ಮಿಲಿಯನ್ ಅಂತ ಬರೆದುಬಿಡೋರನ್ನ ನಾನು ದಾವಣಗೆರೆಯ ಒಂದು ಆಫೀಸ್‌ನಲ್ಲಿ ಕಣ್ಣಾರೆ ನೋಡಿದೀನಿ. ಚೆಕ್ ಮಾಡೋಕೆ ಸೊನ್ನೆ ಲೆಕ್ಕ ಒಂದಿದ್ರೆ ಸಾಕು: ಲಕ್ಷಕ್ಕೆ ಐದು ಸೊನ್ನೆ, ಮಿಲಿಯನ್‌ಗೆ ಆರು, ಕೋಟಿಗೆ ಏಳು. ಅಂದ್ರೆ ಮಿಲಿಯನ್ ಲಕ್ಷಕ್ಕೂ ಕೋಟಿಗೂ ಸರಿಯಾಗಿ ಮಧ್ಯ ಕೂತಿದೆ. ಲಕ್ಷದಿಂದ ಮಿಲಿಯನ್‌ಗೆ ಹೋಗ್ಬೇಕಾದ್ರೆ ಹತ್ತರಿಂದ ಭಾಗಿಸಿ, ಕೋಟಿಯಿಂದ ಹೋಗ್ಬೇಕಾದ್ರೆ ಹತ್ತರಿಂದ ಗುಣಿಸಿ. 47.8 ಲಕ್ಷ ಅಂದ್ರೆ 4.78 ಮಿಲಿಯನ್. ನೂರು ಕೋಟಿ ಅಂದ್ರೆ ಒಂದು ಬಿಲಿಯನ್, ಅಲ್ಲಿವರೆಗೆ ನಮ್ಮ ಮಿಲ್ ಹೋಗಿಲ್ಲ ಬಿಡಿ.

ಆದ್ರೆ ಮಿಲಿಯನ್ ಅಂತ ಬರೆದ್ರೆ ಎಲ್ಲ ಸರಿಹೋಯ್ತು ಅಂದ್ಕೋಬೇಡಿ, ಅದನ್ನ ಮೊಟಕು ಮಾಡಿದ್ರೆ ಮತ್ತೆ ಕಥೆ. ಇಂಡೋನೇಷ್ಯಾದಲ್ಲಿ `M` ಅಂದ್ರೆ ಮಿಲಿಯಾರ್, ಅಂದ್ರೆ ನಮ್ಮ ನೂರು ಕೋಟಿ! ಮಿಲಿಯನ್‌ಗೆ ಅವ್ರು ಜೂತಾ ಅಂತಾರೆ. ಫೈನಾನ್ಸ್ ಲೈನ್‌ನಲ್ಲಿ ಹಳೇ ಕಾಲದಿಂದ `M` ಅಂದ್ರೆ ಸಾವಿರ, `MM` ಅಂದ್ರೆ ಮಿಲಿಯನ್ ಅಂತ ಬಳಸೋರು ಇದಾರೆ. ಜರ್ಮನ್ ಭಾಷೆಯಲ್ಲಿ ಬಿಲಿಯೋನ್ ಅಂದ್ರೆ ಇಂಗ್ಲಿಷ್‌ನ ಟ್ರಿಲಿಯನ್ನು. ಹಂಗಾಗಿ ನಾನೀಗ ಮೊಟಕು ಅಕ್ಷರ ಹಾಕೋದೇ ಬಿಟ್ಟಿದೀನಿ, ಪೂರ್ತಿ ಅಂಕಿ ಬರೀತೀನಿ, ಜೊತೆಗೆ ಬೇಕಾದ್ರೆ ಅಕ್ಷರದಲ್ಲಿ ಪೂರ್ತಿ ಪದ. ಇನ್ನೊಂದು, `47.81 L` ಅಂತ ಬರೆದಾಗ ಕೊನೇ 250 ರೂಪಾಯಿ ಮಾಯ ಆಗಿತ್ತು ಗಮನಿಸಿದ್ರಾ? ಮಾತುಕತೆ ಈಮೇಲ್‌ಗೆ ನಡೆಯುತ್ತೆ, ಬಿಲ್ಲಿಗೆ ನಡೆಯಲ್ಲ.

ಹಂಗಂತ ಎಲ್ಲಾ ಕಡೆ ಮಿಲಿಯನ್ ಬಳಸಿ ಅಂತ ನಾನು ಹೇಳ್ತಿಲ್ಲ. ನಮ್ಮ ಆಡಿಟರ್‌ಗೆ, ಲೋನ್ ಕೊಡೋ ಬ್ಯಾಂಕ್‌ಗೆ, ದಾವಣಗೆರೆ ಪಾರ್ಟಿಗೆ ಮಿಲಿಯನ್ ಅಂತ ಬರೆದ್ರೆ ಅವ್ರಿಗೇ ತಲೆ ತಿರುಗುತ್ತೆ, ಅಲ್ಲಿ ಲಕ್ಷ ಕೋಟಿನೇ ಸ್ಪಷ್ಟ. ಓದೋರು ಯಾರು ಅನ್ನೋದು ಮುಖ್ಯ. ಇಬ್ರೂ ಓದೋ ಈಮೇಲ್ ಆದ್ರೆ, ಅಂದ್ರೆ ಮೇಡಂಗೆ ಕಳಿಸಿ ಮಾವಂಗೂ ಕಾಪಿ ಹಾಕಿದ್ರೆ, ಎರಡೂ ಹಾಕ್ತೀನಿ:

```
INR 4,781,250.00 (47.8125 lakh)
```

ಒಂದ್ಸಲ ಇನ್ನೊಂದು ಕಂಪನಿಯ ವೆಂಡರ್ ಫಾರ್ಮ್‌ನಲ್ಲಿ ವಾರ್ಷಿಕ ವಹಿವಾಟು ಮಿಲಿಯನ್‌ನಲ್ಲಿ ಬರೀರಿ ಅಂತ ಇತ್ತು, ಯಾವ ದುಡ್ಡಿನ ಮಿಲಿಯನ್ ಅಂತ ಇರ್ಲಿಲ್ಲ. ಮಾವಂದು 6.8 ಕೋಟಿ. ರೂಪಾಯಿಯಲ್ಲಾದ್ರೆ 68, ಅದೇ ಡಾಲರ್‌ನಲ್ಲಾದ್ರೆ 0.8. ಖಾಲಿ ಬಾಕ್ಸಲ್ಲಿ 68 ಅಂತ ಬರೆದು ಕಳಿಸಿದ್ರೆ ನಾವು ಚಿತ್ರದುರ್ಗ ಜಿಲ್ಲೆಗೇ ದೊಡ್ಡ ಸಾಹುಕಾರ್ರು ಆಗಿಬಿಡ್ತಿದ್ವಿ. ಬಾಕ್ಸ್ ಒಳಗೇ `INR 68 million` ಅಂತ ತುರುಕಿ ಕಳಿಸಿದೆ.

ಮಂಡಿ ಮಾತಲ್ಲಿ ಇದಕ್ಕಿಂತ ಮೊಟಕು ಇದೆ. ಎಪಿಎಂಸಿಯಲ್ಲಿ ದಲ್ಲಾಳಿ "ಆರೂವರೆ" ಅಂದ್ರೆ ಕ್ವಿಂಟಲ್‌ಗೆ ಆರು ಸಾವಿರದ ಐನೂರು ರೂಪಾಯಿ, ಅಲ್ಲಿ ನಿಂತಿರೋ ಎಲ್ಲರಿಗೂ ಗೊತ್ತು, ಸಾವಿರ ಅಂತ ಯಾರೂ ಹೇಳಲ್ಲ. ಮಾವ ಫೋನಲ್ಲಿ ನಂಗೆ ರೇಟ್ ಹೇಳೋದೂ ಹಂಗೇ. ಕ್ವಿಂಟಲ್‌ನಿಂದ ಟನ್ನಿಗೆ ಬರ್ಬೇಕಾದ್ರೆ ಹತ್ತರಿಂದ ಗುಣಿಸೋ ಕೆಲ್ಸ ನಂದು, ಅಲ್ಲೊಂದು ಸೊನ್ನೆ ಬಿಟ್ರೂ ಗೊತ್ತಾಗಲ್ಲ, ಅದಕ್ಕೆ ಈಮೇಲ್‌ನಲ್ಲಿ ಅಂಕಿ ಪಕ್ಕದಲ್ಲೇ ಯಾವುದಕ್ಕೆ ಎಷ್ಟು ಅಂತ ಬರೀತೀನಿ.

ತಾರೀಖು ವಿಷಯದಲ್ಲಿ ಇಂಡೋನೇಷ್ಯಾದೋರು ನಮ್ಮ ಥರಾನೇ, ದಿನ ಮೊದಲು ತಿಂಗಳು ಆಮೇಲೆ. ನಂಗೆ ಕೈಕೊಟ್ಟಿದ್ದು ನಮ್ಮ ಆಫೀಸ್‌ನ ಹೊಸ ಲ್ಯಾಪ್‌ಟಾಪು. ಶಿಪ್ಪಿಂಗ್ ಏಜೆಂಟ್ ಚೆನ್ನೈನಿಂದ ಹಡಗಿನ ಕಟ್‌ಆಫ್ ತಾರೀಖುಗಳ ಸಿಎಸ್‌ವಿ ಫೈಲ್ ಕಳಿಸಿದ್ದ, ವಾರಕ್ಕೊಂದು ಹಡಗು, 09/04/2025, 16/04/2025, 23/04/2025. ನಾನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ಓಪನ್ ಮಾಡಿದೆ, ಇನ್ನು ಎಷ್ಟು ದಿನ ಇದೆ ನೋಡೋಣ ಅಂತ ಪಕ್ಕದ ಕಾಲಂನಲ್ಲಿ `=A2-TODAY()` ಹಾಕಿ ಕೆಳಗೆ ಎಳೆದೆ. ಮೊದಲನೇ ಹಡಗಿಗೆ ಐದು ತಿಂಗಳು ಚಿಲ್ಲರೆ ಟೈಮ್ ಇದೆ ಅಂತ ಬಂತು, ಉಳಿದಿದ್ದಕ್ಕೆಲ್ಲ `#VALUE!` ಅಂತ ಬಂತು.

ಏನಾಗಿತ್ತು ಅಂದ್ರೆ ಲ್ಯಾಪ್‌ಟಾಪ್ ಅಂಗಡಿಯೋರು ವಿಂಡೋಸ್ ಹಾಕುವಾಗ ಪ್ರದೇಶ ಅಮೆರಿಕಾ ಅಂತ ಬಿಟ್ಟಿದ್ರು. ಅಮೆರಿಕಾದಲ್ಲಿ ತಿಂಗಳು ಮೊದಲು. ಹಂಗಾಗಿ ಎಕ್ಸೆಲ್ 09/04ನ್ನ ಸೆಪ್ಟೆಂಬರ್ 4 ಅಂತ ಓದ್ಕೊಂಡ್ತು. 16/04 ಓದೋಕೆ ಹೋದ್ರೆ ಹದಿನಾರನೇ ತಿಂಗಳು ಇಲ್ವಲ್ಲ, ಅದಕ್ಕೆ ಅದನ್ನ ತಾರೀಖೇ ಅಲ್ಲ ಅಂತ ಬರೀ ಅಕ್ಷರ ಮಾಡಿ ಬಿಟ್ಟುಬಿಡ್ತು. ಫೈಲ್ ಓಪನ್ ಆಗುವಾಗ ಒಂದೂ ಎರರ್ ಮೆಸೇಜ್ ಇಲ್ಲ. ಆದ್ರೆ ಕಣ್ಣಿಟ್ಟು ನೋಡಿದ್ರೆ ಗುರುತು ಸಿಗುತ್ತೆ: ತಾರೀಖು ಅಂತ ಒಪ್ಪಿಕೊಂಡಿದ್ದು ಸೆಲ್‌ನ ಬಲಕ್ಕೆ ಅಂಟಿರುತ್ತೆ, ಅಕ್ಷರ ಅಂತ ಬಿಟ್ಟಿದ್ದು ಎಡಕ್ಕೆ ಅಂಟಿರುತ್ತೆ. ಒಂದೇ ಕಾಲಂನಲ್ಲಿ ಕೆಲವು ಎಡ ಕೆಲವು ಬಲ ಇದ್ರೆ ಆ ಫೈಲ್‌ನ ಒಂದು ತಾರೀಖನ್ನೂ ನಂಬ್ಬೇಡಿ. ಬಲಕ್ಕೆ ಇರೋದೇ ಹೆಚ್ಚು ಅಪಾಯ, ಎಡಕ್ಕೆ ಇರೋದು ಪಾಪ ಕೆಲಸ ಮಾಡಲ್ಲ ಅಂತ ಹೇಳ್ತಾದ್ರೂ ಇದೆ.

ವಿಂಡೋಸ್‌ನಲ್ಲಿ `Time & language`, ಅದರೊಳಗೆ `Language & region`, ಅಲ್ಲಿ `Regional format` ಅನ್ನೋದನ್ನ `English (India)` ಮಾಡಿದ್ರೆ ಇದು ಸರಿಹೋಗುತ್ತೆ. ಆದ್ರೆ ಆಗ್ಲೇ ತಪ್ಪಾಗಿ ಓದಿ ಸೇವ್ ಮಾಡಿದ ಫೈಲ್ ಸರಿ ಆಗಲ್ಲ, ಅದ್ರೊಳಗೆ ಸೆಪ್ಟೆಂಬರ್ 4 ಕೂತಾಗಿದೆ, ಮೂಲ ಸಿಎಸ್‌ವಿಯನ್ನೇ ಮತ್ತೆ ಓಪನ್ ಮಾಡ್ಬೇಕು.

ವರ್ಷದಲ್ಲಿ ಎಷ್ಟು ದಿನ ಈ ಗೊಂದಲ ಬರುತ್ತೆ ಅಂತ ಒಂದಿನ ಲೆಕ್ಕ ಹಾಕಿದೆ. ಪ್ರತಿ ತಿಂಗಳ ಮೊದಲ 12 ದಿನ ಮಾತ್ರ ಉಲ್ಟಾ ಓದ್ಬಹುದು, ಅಲ್ಲಿಗೆ 144, ಅದ್ರಲ್ಲಿ 01/01, 02/02 ಥರದ 12 ದಿನ ಹೆಂಗೆ ಓದಿದ್ರೂ ಒಂದೇ, ಉಳಿದಿದ್ದು 132 ದಿನ. ಅಂದ್ರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ತಿಂಗಳನ್ನ ಅಕ್ಷರದಲ್ಲಿ ಬರೆದ್ರೆ ಈ 132ಕ್ಕೂ ಒಂದೇ ಔಷಧಿ. ನಾನು ಅದರ ಜೊತೆ ವಾರನೂ ಹಾಕ್ತೀನಿ, `Wed, 09-Apr-2025`. ವಾರ ಯಾಕೆ ಅಂದ್ರೆ ಅದು ಸಾಕ್ಷಿ ಇದ್ದ ಹಂಗೆ: ಏಪ್ರಿಲ್ 9 ಬುಧವಾರ, ಸೆಪ್ಟೆಂಬರ್ 4 ಗುರುವಾರ, ನಾನೇ ಟೈಪ್ ಮಾಡುವಾಗ ತಪ್ಪಿದ್ರೂ ಓದೋರು ಕ್ಯಾಲೆಂಡರ್ ನೋಡಿ, ಸಾರ್ ವಾರ ತಾಳೆ ಆಗ್ತಿಲ್ಲ ಅಂತಾರೆ. ಎಕ್ಸೆಲ್‌ನಿಂದ ಈಮೇಲ್‌ಗೆ ತಗೊಳೋಕೆ:

```
=TEXT(A2,"ddd, dd-mmm-yyyy")
```

ಫೈಲ್ ಹೆಸರಿಗೆ ಮಾತ್ರ ವರ್ಷ ಮೊದಲು ಹಾಕಿ, `2025-04-09`, ಇದು ಐಎಸ್‌ಒ 8601 ಅನ್ನೋ ಮಾನದಂಡದ್ದು, ಫೋಲ್ಡರ್‌ನಲ್ಲಿ ತಾನಾಗೇ ದಿನದ ಕ್ರಮಕ್ಕೆ ಕೂತ್ಕೊಳುತ್ತೆ. ವರ್ಷವನ್ನ ಎರಡೇ ಅಂಕಿಯಲ್ಲಿ ಬರೆಯೋದು ಮಾತ್ರ ಬೇಡ. ಬ್ಯಾಂಕ್‌ನೋರು ತಮ್ಮೊಳಗೆ ಹಂಗೇ ಬರ್ಕೊಳ್ತಾರೆ ಅನ್ನೋದು ಬೇರೆ ಮಾತು. ಎಲ್‌ಸಿ ಒಂದು ಬ್ಯಾಂಕ್‌ನಿಂದ ಇನ್ನೊಂದಕ್ಕೆ ಸ್ವಿಫ್ಟ್ ಮೆಸೇಜ್ ಆಗಿ ಹೋಗುತ್ತೆ, ಅದ್ರಲ್ಲಿ ಸಾಲುಗಳು ಹಿಂಗಿರುತ್ವೆ:

```
:31D:250530INDONESIA
:32B:USD56250,00
:44C:250415
```

ಮೊದಲ ಸಲ ನೋಡಿದಾಗ ನಂಗೆ ಎದೆ ಧಸಕ್ ಅಂತು. 31D ಅಂದ್ರೆ ಎಲ್‌ಸಿ ಮುಗಿಯೋ ತಾರೀಖು ಮತ್ತು ಜಾಗ, 44C ಅಂದ್ರೆ ಸರಕು ಹಡಗಿಗೆ ಹತ್ತೋಕೆ ಕೊನೇ ದಿನ, ಎರಡೂ ವರ್ಷ ತಿಂಗಳು ದಿನ ಅನ್ನೋ ಕ್ರಮದಲ್ಲಿ ಆರಂಕಿ. 250415 ಅಂದ್ರೆ 2025ರ ಏಪ್ರಿಲ್ 15. ಇನ್ನು 32B ಮೊತ್ತ, ಅದ್ರಲ್ಲಿ ಸಾವಿರಕ್ಕೆ ಏನೂ ಗುರುತಿಲ್ಲ, ದಶಾಂಶಕ್ಕೆ ಕಾಮಾ. ನಮ್ಮ ಕಣ್ಣಿಗೆ ಐವತ್ತಾರು ಲಕ್ಷದ ಹಂಗೆ ಕಾಣೋ ಈ ಸಾಲು ಐವತ್ತಾರು ಸಾವಿರ ಅಷ್ಟೇ, ಮಾವಂಗೆ ಇದನ್ನ ಒಪ್ಪಿಸೋಕೆ ಅರ್ಧ ಗಂಟೆ ಬೇಕಾಯ್ತು.

ಇಲ್ಲಿ ಇನ್ನೊಂದು ನೋಡಿ, ಡಾಲರ್ ಗುರುತಿಲ್ಲ, ಮೂರಕ್ಷರದ ಕೋಡ್ ಮಾತ್ರ. ಈ ಮೆಸೇಜ್‌ನಲ್ಲಿ `$` ಆಗ್ಲಿ `₹` ಆಗ್ಲಿ ಬಳಸೋಕೇ ಬರಲ್ಲ. ನನ್ ಕೇಳಿದ್ರೆ ಈಮೇಲ್‌ನಲ್ಲೂ ಅದೇ ಒಳ್ಳೇದು. `$` ಅಮೆರಿಕಾದೋರಿಗಷ್ಟೇ ಅಲ್ಲ, ಸಿಂಗಾಪುರ, ಆಸ್ಟ್ರೇಲಿಯಾ, ಕೆನಡಾದೋರೂ ಬಳಸ್ತಾರೆ, ನಮ್ಮ ಮೇಡಂ ಕಂಪನಿದು ಸಿಂಗಾಪುರದಲ್ಲೂ ಒಂದು ಆಫೀಸ್ ಇತ್ತು, ಬರೀ `$` ಹಾಕಿದ್ರೆ ಯಾವ ಡಾಲರ್ ಅಂತ ಅವ್ರು ಕೇಳ್ತಿದ್ದದ್ದು ಸರಿಯೇ. `Rs` ನಮ್ಮದೊಂದೇ ಅಲ್ಲ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ್ದೂ ಹೌದು. ಇಂಡೋನೇಷ್ಯಾದ ರುಪಿಯಾಗೆ `Rp`, ಬೇಗ ಓದಿದ್ರೆ ಎರಡೂ ಒಂದೇ ಥರ.

ನಮ್ಮ `₹` ಗುರುತು ಸರ್ಕಾರ ಒಪ್ಪಿದ್ದು 2010ರ ಜುಲೈ 15ಕ್ಕೆ, ಉದಯ ಕುಮಾರ್ ಅವ್ರು ಮಾಡಿದ ಡಿಸೈನ್. ಆಗ ಕೀಬೋರ್ಡ್‌ನಲ್ಲಿ ಅದಕ್ಕೆ ಜಾಗ ಇರ್ಲಿಲ್ಲ, ಅದಕ್ಕೆ ಒಂದು ಫಾಂಟ್ ಬಂದಿತ್ತು, ಎಡಗಡೆ ಮೇಲಿರೋ ಬ್ಯಾಕ್‌ಟಿಕ್ ಒತ್ತಿದ್ರೆ ರೂಪಾಯಿ ಗುರುತು ಬರೋದು. ಆ ಫಾಂಟ್ ಇಲ್ದಿರೋ ಕಂಪ್ಯೂಟರ್‌ನಲ್ಲಿ ಅದೇ ಫೈಲ್ ತೆಗೆದ್ರೆ ಬರೀ `` ` `` ಕಾಣ್ಸುತ್ತೆ. ಹಳೇ ಕೊಟೇಶನ್‌ನಲ್ಲಿ ಮೊತ್ತದ ಮುಂದೆ ನೊಣ ಕೂತ ಹಂಗೆ ಒಂದು ಚುಕ್ಕಿ ಇದ್ರೆ ಅದು ಆ ಕಾಲದ್ದು, ಕಾಪಿ ಮಾಡಿ ಈಮೇಲ್‌ಗೆ ಹಾಕ್ಬೇಡಿ. ಈಗ ಇಂಡಿಯಾ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಬಲಗಡೆ `Alt` ಹಿಡಿದು `4` ಒತ್ತಿದ್ರೆ ಸರಿಯಾದ ಗುರುತೇ ಬರುತ್ತೆ. ಊರೊಳಗಿನ ಈಮೇಲ್‌ಗೆ ಧಾರಾಳವಾಗಿ ಬಳಸಿ.

ಹೊರಗಡೆಗೆ ಕೋಡ್ ಬರೀರಿ, ಆದ್ರೆ ಅದನ್ನೂ ಎರಡ್ಸಲ ಓದಿ. ನಮ್ದು `INR`, ಅವ್ರ್ದು `IDR`, ಮಧ್ಯದ ಒಂದೇ ಅಕ್ಷರ ವ್ಯತ್ಯಾಸ, ನಮ್ಮ ಒಂದು ರೂಪಾಯಿಗೆ ಅವ್ರ ನೂರಕ್ಕೂ ಹೆಚ್ಚು ರುಪಿಯಾ ಬರುತ್ತೆ. ಆಮೇಲೆ ನಮ್ಮೋರ `85,000/-` ಇದೆಯಲ್ಲ, ಕೊನೆಗೆ ಯಾರೂ ಅಂಕಿ ಸೇರಿಸ್ಬಾರ್ದು ಅಂತ ಹಾಕೋದು, ಕೈಬರಹದ ಚೆಕ್‌ಗೆ ಅದು ಸರಿ, ಹೊರದೇಶದೋರಿಗೆ ಆ ಗೀಟು ಏನು ಅಂತಾನೇ ಗೊತ್ತಿಲ್ಲ. ಅದರ ಕೆಲಸವನ್ನ `.00` ಮಾಡುತ್ತೆ.

ಇಷ್ಟೆಲ್ಲ ಆದ್ಮೇಲೆ ಪ್ರೊಫಾರ್ಮಾ ಹೊಸದಾಗಿ ಬರೆದೆ:

```
Quantity : 56.25 MT (3 containers x 18750 kg)
Price    : USD 1,000.00 per MT
Total    : USD 56,250.00
Shipment : latest Tue, 15-Apr-2025
```

ಕೆಳಗೆ ಮೊತ್ತವನ್ನ ಅಕ್ಷರದಲ್ಲೂ ಬರೆದೆ. ಚೆಕ್ಕಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದ್ರೆ ಅಕ್ಷರವೇ ಲೆಕ್ಕ ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತೆ, ಪ್ರೊಫಾರ್ಮಾಕ್ಕೆ ಆ ಕಾಯ್ದೆ ಬರಲ್ಲ, ಆದ್ರೆ ಅಕ್ಷರಕ್ಕೆ ಕಾಮಾ ಚುಕ್ಕೆ ಕಾಟ ಇಲ್ಲ ಅನ್ನೋದು ಎಲ್ಲಾ ಕಡೆ ನಿಜ. ಕಂಟೇನರ್ ಎಷ್ಟು ಅಂತ ಬ್ರಾಕೆಟ್‌ನಲ್ಲಿ ಹಾಕಿದ್ದೂ ಬೇಕು ಅಂತಾನೇ, ಮೂರು ಕಂಟೇನರ್ ಅಂತ ಓದಿದ ಮೇಲೆ ಐವತ್ತಾರು ಸಾವಿರ ಟನ್ ಅಂತ ಟೈಪ್ ಮಾಡೋಕೆ ಯಾರಿಗೂ ಕೈ ಬರಲ್ಲ.

ಎರಡು ದಿನಕ್ಕೆ ಹೊಸ ಡ್ರಾಫ್ಟ್ ಬಂತು, `56.25 MT`, `USD 1,000.00`. ಮಾವ ಮತ್ತೆ ಕನ್ನಡಕ ಏರಿಸಿ, ಸೊನ್ನೆಗಳನ್ನ ಪೆನ್ನಿನ ತುದೀಲಿ ಒಂದೊಂದೇ ಮುಟ್ಟಿ ಎಣಿಸಿ, "ಸರಿ, ಈ ಸಲ ಟನ್ನಿಗೆ ಸಾವಿರ ಐತೆ" ಅಂದ್ರು. ಆಮೇಲೆ ಗೋಡೆ ಮೇಲಿನ ಕ್ಯಾಲೆಂಡರ್ ಹತ್ರ ಹೋಗಿ ಏಪ್ರಿಲ್ ಹದಿನೈದು ಮಂಗಳವಾರನೇನಾ ಅಂತ ನೋಡ್ಕೊಂಡು ಬಂದ್ರು.